ಯಶೋದಮ್ಮನ ಸಹಿ ಇದ್ದ ಚಾರ್ಟು

ಹೂಗ್ಯಂ ಊರಿನ ಭಾಗ್ಯಮ್ಮ ಬಕೆಟ್ಟನ್ನು ರೋಗ ಪರೀಕ್ಷಾ ಕೇಂದ್ರದ ಮೇಜಿನ ಮೇಲೇ ಇಟ್ಟುಬಿಟ್ಟಳು. ಮುಚ್ಚಳ ತೆಗೆದ ಕೂಡಲೇ ಕೋಣೆಯಲ್ಲಿದ್ದವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದರು. ಒಳಗೆ ರೇಷ್ಮೆ ಹುಳುಗಳಿದ್ದವು. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದು, ಬೆರಳಿನಷ್ಟು ದಪ್ಪವಾಗಿ, ಇನ್ನು ನಾಲ್ಕೈದು ದಿನದಲ್ಲಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಹೋಗಬೇಕಾಗಿದ್ದ ಹುಳುಗಳು ಕಪ್ಪಗೆ ಜೋತುಬಿದ್ದು, ಮೈ ಒಡೆದು, ಒಂದಕ್ಕೊಂದು ಅಂಟಿಕೊಂಡು ಗಂಜಿಯಾಗಿದ್ದವು. ಸಪ್ಪೆ ರೋಗ. ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮಧ್ಯಾಹ್ನದ ಊಟ ಸೇರುವುದಿಲ್ಲ. ಅಲ್ಲಿ ಹುಳು ಪರೀಕ್ಷಿಸುವ ಯಶೋದಮ್ಮನಿಗೆ ಇಪ್ಪತ್ತೇಳು ವರ್ಷದಿಂದ ಹತ್ತಿತ್ತು. ಆದರೂ ಸೆರಗು ಮೂಗಿಗೆ ಹೋಯಿತು.

"ಯಾಕ್ ಮೇಡಮ್ಮೋರೆ, ಮೂಗ್ ಮುಚ್ಕತಿರಾ? ನಾವು ಮೂರ್ ದಿವ್ಸದಿಂದ ಇದ್ರಲ್ಲೇ ಉಂಡು ಇದ್ರಲ್ಲೇ ಮಲ್ಗಿವಿ ಕಣವ್ವ," ಎಂದಳು ಭಾಗ್ಯಮ್ಮ.

"ಸತ್ತದ್ದು ಯಾಕೆ ತಂದಿರಿ? ಸತ್ತ ಹುಳದಲ್ಲಿ ನೂರೆಂಟು ಕ್ರಿಮಿ ಸೇರಿರುತ್ತವೆ. ಯಾವುದು ಕೊಂದಿದ್ದು, ಯಾವುದು ಆಮೇಲೆ ತಿನ್ನೋಕೆ ಬಂದಿದ್ದು ಅಂತ ಹೇಗೆ ಹೇಳೋದು? ಸಾಯ್ತಾ ಇರೋದು ಬೇಕು."

"ಅದೂ ತಂದಿವ್ನಿ." ಭಾಗ್ಯಮ್ಮ ಸೊಂಟದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಬಕೆಟ್ಟಿನ ಪಕ್ಕ ಕುಕ್ಕಿದಳು. "ಓದ್ ಸಲ ನೀವೇ ಯೇಳಿದ್ರಲ್ಲ, ಮರ್ತಿಲ್ಲ ನಾನು. ಓದ್ ಸಲ ನೀವು ಇನ್ನೊಂದೂ ಯೇಳಿದ್ರಿ. ಆ ಎರಡು ಪುಡಿ ಬೆರ್ಸಿ ಸೊಪ್ಪಿಗೆ ಒಡೀರಿ, ಎರಡೂ ಸೇರುದ್ರೆ ಬಲ ಜಾಸ್ತಿ ಅಂತ ಚೀಟೀಲಿ ಬರ್ಕೊಟ್ರಿ. ಒಡ್ದೆ. ಪಕ್ಕದ್ ಮನೆ ಮಾದೇವಮ್ಮ ಚೀಟಿ ಇಲ್ದೆ ಒಂದೇ ಪುಡಿ ಒಡುದ್ಲು. ಅವ್ಳ ಹುಳ ಅರ್ಧನಾರ ಗೂಡ್ ಕಟ್ದೊ. ನನ್ ಹುಳ ನೋಡಿ, ಇಂಗೆ."

ಯಶೋದಮ್ಮ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ರೈತರು ಹೀಗೆ ಹೇಳುವುದು ಹೊಸದಲ್ಲ. ಪುಡಿಯ ಅಳತೆ ತಪ್ಪಿರಬಹುದು, ಒದ್ದೆ ಸೊಪ್ಪು ಹಾಕಿರಬಹುದು, ಹುಳು ಮನೆಗೆ ಗಾಳಿ ಇಲ್ಲದಿರಬಹುದು. ಹುಳು ಸಾಯಲು ದಾರಿ ಬೇಕಾದಷ್ಟಿವೆ. ಆದರೂ "ಒಂದೇ ಪುಡಿ" ಎನ್ನುವ ಮಾತನ್ನು ಅವಳು ಮಾದರಿ ಪುಸ್ತಕದಲ್ಲಿ ಬರೆದುಕೊಂಡಳು.

ಕೊಳ್ಳೇಗಾಲದ ಆ ರೋಗ ಪರೀಕ್ಷಾ ಕೇಂದ್ರ ರೇಷ್ಮೆ ಬೆಳೆಗಾರರ ಒಂದು ಸಂಘದ್ದು. ಎರಡು ಕೋಣೆ, ಸಾಮಾನನ್ನು ಹಬೆಯಲ್ಲಿ ಬೇಯಿಸಿ ಶುದ್ಧ ಮಾಡುವ ಒಂದು ಆಟೋಕ್ಲೇವು, ರೋಗಾಣು ಬೆಳೆಸುವ ಒಂದು ಇನ್‌ಕ್ಯುಬೇಟರು, ಎರಡು ಫ್ರಿಜ್ಜು. ಯಶೋದಮ್ಮ ಅಲ್ಲಿಗೆ ಸೇರಿದಾಗ ಇಪ್ಪತ್ತೊಂಬತ್ತು ವರ್ಷ. ಅಪ್ಪ, ಅಮ್ಮ ಇಬ್ಬರೂ ಮಗ್ಗದವರು. ಮನೆಯ ನಡುಕೋಣೆಯೆಲ್ಲ ಮಗ್ಗದ ಗುಂಡಿ. ಮಕ್ಕಳು ಓದುತ್ತಿದ್ದದ್ದು ಅಡಿಗೆ ಮನೆಯ ಹೊಸ್ತಿಲಲ್ಲಿ. ಎಳೆ ತಪ್ಪಿದರೆ ಅಮ್ಮ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ನೇಯ್ದದ್ದನ್ನು ಬಿಚ್ಚಿಸುತ್ತಿದ್ದಳು, ಅಷ್ಟೆ. ಬಿಚ್ಚುವುದು ನೇಯುವುದಕ್ಕಿಂತ ನಿಧಾನದ ಕೆಲಸ. ಹುಡುಗಿ ಬಿ.ಎಸ್ಸಿ. ಮಾಡಿ, ಮೈಸೂರಿನಲ್ಲಿ ಒಂದು ವರ್ಷ ಲ್ಯಾಬ್ ಕೆಲಸ ಕಲಿತು ಬಂದು ಇಲ್ಲಿ ಟೆಕ್ನಿಷಿಯನ್ ಆದಳು. ಮದುವೆಯಾಯಿತು, ಮಕ್ಕಳಾಗಲಿಲ್ಲ, ಗಂಡ ಶಾಂತರಾಜು ಬಸ್ ಕಂಡಕ್ಟರ್. ಅವನು ದಿನವೆಲ್ಲ ಮಲೆ ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ, ಇವಳು ದಿನವೆಲ್ಲ ಹುಳುಗಳ ಕರುಳಿನಲ್ಲಿ. ಜೀವನ ಹೀಗೆ ಸಾಗಿತು. ಜನ ಅವಳನ್ನು ಸಿಡುಕಿ ಎನ್ನುತ್ತಿದ್ದರು. ಸಿಡುಕಿಯೇ ಹೌದು. ಆದರೆ ಅವಳ ಸಹಿ ಇದ್ದ ಚೀಟಿಯನ್ನು ಹನೂರು, ಯಳಂದೂರು ಕಡೆಯ ರೈತರು ಔಷಧಿ ಅಂಗಡಿಯಲ್ಲಿ ತೋರಿಸಿದರೆ ಅಂಗಡಿಯವರು ಮರುಮಾತಾಡುತ್ತಿರಲಿಲ್ಲ. ಆ ಒಂದು ವಿಷಯದಲ್ಲಿ ಅವಳಿಗೆ ಹೆಮ್ಮೆ ಇತ್ತು. ಬೇರೆ ಯಾವುದರಲ್ಲೂ ಇರಲಿಲ್ಲ.

ಕೇಂದ್ರದ ಮುಖ್ಯಸ್ಥ ಪ್ರಭುಸ್ವಾಮಿ. ಔಷಧ ಅಳೆದು ಹಾಕುವ ಪೈಪೆಟ್ಟಿನ ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆಗಳಲ್ಲಿ ದಿನಕ್ಕೊಂದನ್ನು ತೆಗೆದು ಕಿವಿ ಕೆರೆದುಕೊಳ್ಳುತ್ತಿದ್ದ. ಕೆರೆದದ್ದನ್ನು ನೋಡಿ, ಮೂಸಿ, ಮೇಜಿನ ಅಂಚಿಗೆ ಒರೆಸುತ್ತಿದ್ದ. ರೋಗಾಣು ಇಡುವ ಫ್ರಿಜ್ಜಿನಲ್ಲಿ ಅವನ ಮೊಸರಿನ ಡಬ್ಬಿ ಇರುತ್ತಿತ್ತು. ಯಶೋದಮ್ಮ ಹತ್ತು ಸಲ ಎತ್ತಿ ಹೊರಗಿಟ್ಟಿದ್ದಳು, ಹನ್ನೊಂದನೇ ಸಲವೂ ಅದು ಅಲ್ಲೇ ಇತ್ತು.

ಆ ವಾರ ಪ್ರಭುಸ್ವಾಮಿ ಬಹಳ ಹುರುಪಿನಲ್ಲಿದ್ದ. ಉಮೇಶ್ ಎಂಬ ಔಷಧ ಕಂಪನಿಯವನು ಎರಡು ದಿನಕ್ಕೊಮ್ಮೆ ಬಂದು ಕೂರುತ್ತಿದ್ದ. ರೈತರು ಬೇರೆ ಬೇರೆಯಾಗಿ ಕೊಂಡು ಬೆರೆಸುತ್ತಿದ್ದ ಆಕ್ಸಿಟೆಟ್ರಾಸೈಕ್ಲಿನ್, ಎನ್ರೋಫ್ಲಾಕ್ಸಾಸಿನ್ ಎಂಬ ಎರಡು ಆಂಟಿಬಯಾಟಿಕ್‌ಗಳನ್ನು ಅವನ ಕಂಪನಿ ಒಂದೇ ಪೊಟ್ಟಣದಲ್ಲಿ ಬೆರೆಸಿ ಮಾರಲು ಹೊರಟಿತ್ತು. ಎರಡೂ ಸೇರಿದರೆ ಒಂದರ ಬಲವನ್ನು ಇನ್ನೊಂದು ಹೆಚ್ಚಿಸುತ್ತದೆ, ಅಂದರೆ ಸಿನರ್ಜಿ ಇದೆ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಬೇಕಿತ್ತು. ಅದಕ್ಕೆ ಹತ್ತು ಊರಿನ ರೋಗಾಣುಗಳ ಮೇಲೆ ಪರೀಕ್ಷೆ ನಡೆದ ವರದಿ ಬೇಕು. ಹೂಗ್ಯಂನ ಹುಳು ಹತ್ತನೆಯದು.

ಪರೀಕ್ಷೆಯ ಹೆಸರು ಚೆಕರ್‌ಬೋರ್ಡ್. ಅಂಗೈಯಗಲದ ಒಂದು ಪ್ಲಾಸ್ಟಿಕ್ ಪ್ಲೇಟು. ಅದರಲ್ಲಿ ಅಡ್ಡಕ್ಕೆ ಹನ್ನೆರಡು, ಉದ್ದಕ್ಕೆ ಎಂಟು, ಒಟ್ಟು ತೊಂಬತ್ತಾರು ಪುಟ್ಟ ಕುಳಿಗಳು. ಪ್ರತಿ ಕುಳಿಗೂ ಬ್ರಾತು, ಅಂದರೆ ರೋಗಾಣು ತಿಂದು ಬೆಳೆಯುವ ತಿಳಿಸಾರು. ಅಡ್ಡಸಾಲಿನ ಉದ್ದಕ್ಕೂ ಒಂದು ಔಷಧವನ್ನು ಪ್ರತಿ ಕುಳಿಗೆ ಹಿಂದಿನದರ ಅರ್ಧದಷ್ಟು ಹಾಕುತ್ತ ಹೋಗಬೇಕು; ಮೇಲಿನಿಂದ ಕೆಳಕ್ಕೆ ಇನ್ನೊಂದನ್ನು ಹಾಗೆಯೇ. ಆಗ ಎರಡು ಔಷಧಗಳು ಬೇರೆ ಬೇರೆ ಪ್ರಮಾಣದಲ್ಲಿ ಕೂಡುವ ಎಲ್ಲ ಜೋಡಿಗಳೂ ಒಂದೇ ಪ್ಲೇಟಿನಲ್ಲಿ ಸಿಗುತ್ತವೆ. ಎಲ್ಲದಕ್ಕೂ ಒಂದೇ ಅಳತೆಯ ರೋಗಾಣು. ಒಂದು ರಾತ್ರಿ ಬೆಚ್ಚಗಿಟ್ಟು, ಮರುದಿನ ನೀಲಿ ಬಣ್ಣ ಹಾಕಬೇಕು. ರೋಗಾಣು ಬೆಳೆದಿದ್ದರೆ ನೀಲಿ ಗುಲಾಬಿಯಾಗುತ್ತದೆ. ಔಷಧ ತಡೆದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ.

ಲೆಕ್ಕವೂ ಕಷ್ಟದ್ದಲ್ಲ. ಒಂದು ಔಷಧ ಒಂಟಿಯಾಗಿ ರೋಗಾಣುವನ್ನು ತಡೆಯಲು ಎಷ್ಟು ಬೇಕಿತ್ತು, ಜೋಡಿಯಲ್ಲಿ ಎಷ್ಟು ಸಾಕಾಯಿತು? ಎರಡನೆಯದನ್ನು ಮೊದಲನೆಯದರಿಂದ ಭಾಗಿಸಬೇಕು. ಇನ್ನೊಂದು ಔಷಧಕ್ಕೂ ಹಾಗೆಯೇ. ಎರಡನ್ನೂ ಕೂಡಿಸಿದರೆ ಬರುವ ಅಂಕ ಅರ್ಧ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಿನರ್ಜಿ. ಅರ್ಧ ದಾಟಿ ನಾಲ್ಕರವರೆಗೆ ಇದ್ದರೆ ಒಂದಕ್ಕೊಂದು ಸಂಬಂಧವಿಲ್ಲ, ಅವುಗಳ ಪಾಡಿಗೆ ಅವು. ನಾಲ್ಕು ದಾಟಿದರೆ ಒಂದು ಇನ್ನೊಂದರ ಕೈ ಕಟ್ಟುತ್ತಿದೆ ಎಂದು ಅರ್ಥ.

ಇಡೀ ಲೆಕ್ಕ ನಿಂತಿರುವುದು "ಒಂಟಿಯಾಗಿ ಎಷ್ಟು" ಎಂಬ ಮಾತಿನ ಮೇಲೆ. ಅದಕ್ಕಾಗಿಯೇ ಪ್ಲೇಟಿನಲ್ಲಿ ಒಂದು ಸಾಲನ್ನು ಮೊದಲ ಔಷಧಕ್ಕೆ ಮಾತ್ರ, ಮೇಲಿನಿಂದ ಕೆಳಕ್ಕಿಳಿಯುವ ಒಂದು ಕಂಬಸಾಲನ್ನು ಎರಡನೆಯದಕ್ಕೆ ಮಾತ್ರ ಬಿಡಬೇಕು. ಕೊಳ್ಳೇಗಾಲದ ಕೇಂದ್ರದಲ್ಲಿ ಬಿಡುತ್ತಿರಲಿಲ್ಲ. ಪ್ಲೇಟು ಉಳಿಸಲೆಂದು ಒಂದರಲ್ಲೇ ಇಬ್ಬರು ರೈತರ ಮಾದರಿ ತುಂಬುವುದು ಅಲ್ಲಿಯ ಪದ್ಧತಿ. ಒಂಟಿ ಔಷಧದ ಅಂಕಗಳನ್ನು ಗೋಡೆಗೆ ಅಂಟಿಸಿದ ಚಾರ್ಟಿನಿಂದ ತೆಗೆದುಕೊಳ್ಳುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಮಾಡಿ ಲ್ಯಾಮಿನೇಟ್ ಮಾಡಿಸಿದ ಚಾರ್ಟು. ಎಡಗಡೆ ರೋಗಾಣುವಿನ ಹೆಸರು, ಬಲಗಡೆ ಔಷಧದ ಅಂಕ, ಕೆಳಗೆ ಯಶೋದಮ್ಮನ ಸಹಿ.

ಭಾಗ್ಯಮ್ಮ ಹೋದ ಮೇಲೆ ಯಶೋದಮ್ಮ ಸಾಯುತ್ತಿದ್ದ ಹುಳುವಿನ ಕಾಲನ್ನು ಸೂಜಿಯಲ್ಲಿ ಚುಚ್ಚಿ ರಸ ತೆಗೆದು ಬೆಳೆಸಿದಳು. ಎರಡು ದಿನದಲ್ಲಿ ಒಂದೇ ಜಾತಿಯ ರೋಗಾಣು ಶುದ್ಧವಾಗಿ ಸಿಕ್ಕಿತು. ಮೂರನೇ ದಿನ ಹೊಸ ಪ್ಲೇಟು ತೆಗೆದು ಒಂದು ಸಾಲು, ಒಂದು ಕಂಬಸಾಲು ಒಂಟಿ ಔಷಧಕ್ಕೆ ಬಿಟ್ಟಳು. ಪಕ್ಕದಲ್ಲಿದ್ದ ಸಹೋದ್ಯೋಗಿ ಕೋಮಲ ನೋಡಿದಳು.

"ಅಕ್ಕ, ಇಡೀ ಪ್ಲೇಟು ಒಂದೇ ಹುಳಕ್ಕಾ? ಸರ್ ನೋಡಿದ್ರೆ ಕೂಗಾಡ್ತಾರೆ."

"ಕೂಗಾಡಲಿ. ಗಂಟಲಿಗೆ ವ್ಯಾಯಾಮ ಆಗುತ್ತೆ."

"ಚಾರ್ಟಿದೆಯಲ್ಲಕ್ಕ."

"ಚಾರ್ಟಿನಲ್ಲಿರೋದು ಹನ್ನೊಂದು ವರ್ಷದ ಹಿಂದಿನ ಯಾವುದೋ ಹುಳದ ಕ್ರಿಮಿ ಕಣೇ. ಇದು ಹೂಗ್ಯಂದು. ನಿನ್ನ ಜ್ವರಕ್ಕೆ ಪಕ್ಕದ ಮನೆಯವಳ ಕಂಕುಳಲ್ಲಿ ಥರ್ಮಾಮೀಟರ್ ಇಡ್ತೀಯಾ?"

ಕೋಮಲ ನಕ್ಕಳು. ಯಶೋದಮ್ಮ ನಗಲಿಲ್ಲ.

ಮರುದಿನ ಬಣ್ಣ ಹಾಕಿ, ಎರಡು ಗಂಟೆ ಬಿಟ್ಟು ಪ್ಲೇಟನ್ನು ಬಿಳಿ ಕಾಗದದ ಮೇಲಿಟ್ಟಳು. ಔಷಧವೇ ಇಲ್ಲದ ಮೂಲೆಯ ಕುಳಿ ಗುಲಾಬಿ, ಸರಿ. ರೋಗಾಣುವೇ ಹಾಕದ ಕೊನೆಯ ಕಂಬಸಾಲು ನೀಲಿ, ಅದೂ ಸರಿ. ಆಕ್ಸಿಟೆಟ್ರಾಸೈಕ್ಲಿನ್ ಒಂಟಿ ಸಾಲಿನಲ್ಲಿ ಎರಡು ಮೈಕ್ರೋಗ್ರಾಂಗೆ ನೀಲಿ ನಿಂತಿತ್ತು. ಚಾರ್ಟು ಹೇಳುತ್ತಿದ್ದದ್ದು ಎಂಟು. ಎನ್ರೋಫ್ಲಾಕ್ಸಾಸಿನ್ ಒಂಟಿಯಾಗಿ 0.125ಕ್ಕೆ ತಡೆದಿತ್ತು. ಚಾರ್ಟು ಹೇಳುತ್ತಿದ್ದದ್ದು 0.5. ಎರಡರಲ್ಲೂ ಚಾರ್ಟಿನ ಅಂಕ ಸರಿಯಾಗಿ ನಾಲ್ಕು ಪಟ್ಟು.

ಅವಳು ಪೆನ್ನು ತೆಗೆದು ಮೊದಲು ಕೇಂದ್ರದ ಪದ್ಧತಿಯಂತೆ ಲೆಕ್ಕ ಹಾಕಿದಳು. ಆಕ್ಸಿಟೆಟ್ರಾಸೈಕ್ಲಿನ್ ಎರಡು, ಜೊತೆಗೆ ಎನ್ರೋಫ್ಲಾಕ್ಸಾಸಿನ್ ಲೆಕ್ಕಕ್ಕೇ ಇಲ್ಲದಷ್ಟು, 0.015. ಆ ಕುಳಿ ನೀಲಿ. ಎರಡನ್ನು ಚಾರ್ಟಿನ ಎಂಟರಿಂದ ಭಾಗಿಸಿ, 0.015ನ್ನು ಚಾರ್ಟಿನ 0.5ರಿಂದ ಭಾಗಿಸಿ ಕೂಡಿಸಿದರೆ 0.28. ಸಿನರ್ಜಿ! ಉಮೇಶ್ ಕುಣಿಯಬಹುದಾದ ಅಂಕ.

ಆಮೇಲೆ ಪ್ಲೇಟಿನದೇ ಅಂಕ ಇಟ್ಟು ಲೆಕ್ಕ ಹಾಕಿದಳು. ಅದೇ ಕುಳಿಗೆ 1.12 ಬಂತು. ಸಿನರ್ಜಿ ಎಲ್ಲಿ? ಆಕ್ಸಿಟೆಟ್ರಾಸೈಕ್ಲಿನ್ ಎರಡೇ ಇದ್ದರೂ ಆ ಕುಳಿ ನೀಲಿಯೇ ಇರುತ್ತಿತ್ತು. ಒಬ್ಬನೇ ಹೊತ್ತ ಮೂಟೆಗೆ ಇಬ್ಬರು ಕೂಲಿ ಕೇಳುತ್ತಿದ್ದರು. ಅದಕ್ಕಿಂತ ಕೆಟ್ಟದ್ದು ಪಕ್ಕದಲ್ಲಿತ್ತು. ಆಕ್ಸಿಟೆಟ್ರಾಸೈಕ್ಲಿನ್ ಒಂದು ಮೈಕ್ರೋಗ್ರಾಂ ಇರುವ ಕಂಬಸಾಲಿನಲ್ಲಿ, ಒಂಟಿಯಾಗಿ 0.125ಕ್ಕೆ ಸಾಕಾಗುತ್ತಿದ್ದ ಎನ್ರೋಫ್ಲಾಕ್ಸಾಸಿನ್ ಈಗ 0.5 ಆಗುವವರೆಗೂ ಕುಳಿಗಳು ಗುಲಾಬಿಯಾಗಿಯೇ ಇದ್ದವು. ಅಂಕ ನಾಲ್ಕೂವರೆ. ಒಂದು ಔಷಧ ರೋಗಾಣುವಿನ ಬೆಳವಣಿಗೆಯನ್ನು ನಿಧಾನ ಮಾಡಿ, ಇನ್ನೊಂದರ ಏಟಿನಿಂದ ಅದನ್ನೇ ಕಾಪಾಡುತ್ತಿತ್ತು. ಭಾಗ್ಯಮ್ಮ ಹುಳುಗಳಿಗೆ ಔಷಧ ಕೊಟ್ಟಿರಲಿಲ್ಲ. ರೋಗಾಣುವಿಗೆ ಕೊಡೆ ಹಿಡಿದಿದ್ದಳು. ಹಿಡಿಸಿದ್ದು ಯಶೋದಮ್ಮನ ಚೀಟಿ.

ಒಂದು ಸಲದ ಫಲಿತಾಂಶವನ್ನು ಅವಳು ನಂಬುವವಳಲ್ಲ. ಮತ್ತೆ ಎರಡು ದಿನ, ಎರಡು ಸಲ ಮಾಡಿದಳು. ಅದೇ ಬಂತು. ಫ್ರಿಜ್ಜಿನಲ್ಲಿದ್ದ ಉಳಿದ ಒಂಬತ್ತು ಊರಿನ ರೋಗಾಣುಗಳನ್ನೂ ತೆಗೆದು ಒಂದೊಂದಕ್ಕೂ ಇಡೀ ಪ್ಲೇಟು ಮಾಡಿದಳು. ಒಂಬತ್ತರಲ್ಲೂ ಅವುಗಳ ಪಾಡಿಗೆ ಅವು. ಸಿನರ್ಜಿ ಒಂದರಲ್ಲೂ ಇರಲಿಲ್ಲ. ಒಂಟಿ ಅಂಕಗಳು ಒಂದೊಂದೂ ಚಾರ್ಟಿಗಿಂತ ಕೆಳಗೇ ಇದ್ದವು.

ಒಂದೋ ಎರಡೋ ತಪ್ಪಿದ್ದರೆ ರೋಗಾಣು ಬೇರೆ ಎನ್ನಬಹುದಿತ್ತು. ಎರಡು ಔಷಧಗಳೂ, ಎಲ್ಲ ಸಾಲುಗಳಲ್ಲೂ, ಒಂದೇ ದಿಕ್ಕಿಗೆ ತಪ್ಪಿದ್ದವು. ಹಾಗಾದರೆ ಚಾರ್ಟು ಮಾಡಿದ ದಿನ ಏನಾಗಿತ್ತು? ಹಳೆಯ ಕೆಲಸದ ಪುಸ್ತಕ ಹುಡುಕಿ ತೆಗೆದಳು. ಜಿರಳೆ ಹಿಕ್ಕೆ ಅಂಟಿದ ಹಾಳೆ. ಅವಳದೇ ಅಕ್ಷರ: "ಡಿಸ್ಟಿಲೇಷನ್ ಯಂತ್ರ ಕೆಟ್ಟಿದೆ. ಬ್ರಾತಿಗೆ ಬೋರ್ ನೀರು."

ಓದಿದ ಕೂಡಲೇ ಅವಳಿಗೆ ಎಲ್ಲ ನೆನಪಾಯಿತು. ನೀರನ್ನು ಆವಿ ಮಾಡಿ ಶುದ್ಧಗೊಳಿಸುವ ಆ ಯಂತ್ರದ ಹೀಟರು ಸುಟ್ಟುಹೋಗಿತ್ತು. ಸಂಘದ ವಾರ್ಷಿಕ ಸಭೆಗೆ ಚಾರ್ಟು ತೋರಿಸಬೇಕೆಂದು ಪ್ರಭುಸ್ವಾಮಿ ಅವಸರ ಮಾಡುತ್ತಿದ್ದ. ಕೇಂದ್ರದ ಹಿತ್ತಲಿನ ಬೋರ್‌ವೆಲ್ ನೀರು ಕುದಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಸುಣ್ಣ ಹಿಡಿಯುವಷ್ಟು ಗಡಸು. ಆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಈ ಎರಡೂ ಔಷಧಗಳನ್ನು ಹಿಡಿದು ಕಟ್ಟಿಹಾಕುತ್ತವೆ. ಔಷಧದ ಬಲ ಇಳಿಯುತ್ತದೆ. ರೋಗಾಣುವನ್ನು ತಡೆಯಲು ಹೆಚ್ಚು ಬೇಕಾಗುತ್ತದೆ; ಆ ಉಬ್ಬಿದ ಅಂಕದಿಂದ ಭಾಗಿಸಿದರೆ ಇಲ್ಲದ ಸಿನರ್ಜಿ ಕಾಣುತ್ತದೆ. ಇದು ಅವಳಿಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೇ ಹಾಕಿದ್ದಳು, ಯಂತ್ರ ರಿಪೇರಿಯಾದ ಮೇಲೆ ಮತ್ತೆ ಮಾಡಿದರಾಯಿತು ಎಂದುಕೊಂಡು. ಯಂತ್ರ ಹತ್ತು ದಿನದಲ್ಲಿ ರಿಪೇರಿಯಾಯಿತು. ಚಾರ್ಟು ಹನ್ನೊಂದು ವರ್ಷ ಗೋಡೆಯ ಮೇಲಿತ್ತು.

ಹುಳುಗಳ ಬಕೆಟ್ಟಿಗೂ ಬಾರದಿದ್ದಷ್ಟು ಅಸಹ್ಯ ಅವಳಿಗೆ ಆ ಒಂದು ಸಾಲಿಗೆ ಬಂತು. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡಳು. ಅಳಲಿಲ್ಲ, ಅಳುವುದಕ್ಕೆ ತನಗೆ ಯೋಗ್ಯತೆ ಇಲ್ಲ ಎನ್ನಿಸಿತು. ಪ್ರಭುಸ್ವಾಮಿಯ ಕಿವಿಯ ಕೊಳಕನ್ನು ನೋಡಿ ಇಷ್ಟು ವರ್ಷ ಮುಖ ಸಿಂಡರಿಸಿದ್ದಳು. ಅದನ್ನಾದರೂ ಬಟ್ಟೆಯಲ್ಲಿ ಒರೆಸಬಹುದಿತ್ತು.

ಮರುದಿನ ಎರಡು ಲೆಕ್ಕಗಳನ್ನೂ ಬರೆದುಕೊಂಡು ಪ್ರಭುಸ್ವಾಮಿಯ ಕೋಣೆಗೆ ಹೋದಳು. ಉಮೇಶ್ ಅಲ್ಲಿದ್ದ. ಮೈತುಂಬ ಸೆಂಟು. ಮೇಜಿನ ಮೇಲೆ ಕೇಕಿನ ಪೆಟ್ಟಿಗೆ. ಪ್ರಭುಸ್ವಾಮಿಯ ಮೀಸೆಗೆ ಕ್ರೀಮು ಅಂಟಿತ್ತು.

"ಬಾಮ್ಮ ಯಶೋದಮ್ಮ, ಕೇಕ್ ತಗೊ. ಹತ್ತೂ ಮುಗೀತಲ್ಲ. ಎಷ್ಟು ಸಿನರ್ಜಿ?"

"ಒಂದೂ ಇಲ್ಲ ಸರ್. ಒಂಬತ್ತರಲ್ಲಿ ಏನೂ ಇಲ್ಲ. ಹೂಗ್ಯಂದರಲ್ಲಿ ಒಂದಕ್ಕೊಂದು ವಿರುದ್ಧ."

ಪ್ರಭುಸ್ವಾಮಿ ಹಾಳೆ ತೆಗೆದುಕೊಂಡು ನೋಡಿದ. ಅವನು ದಡ್ಡನಲ್ಲ, ಅದೇ ಅವನ ಬಗ್ಗೆ ಅವಳಿಗಿದ್ದ ಅಸಹ್ಯಕ್ಕೆ ದೊಡ್ಡ ಕಾರಣ. ಎರಡು ನಿಮಿಷದಲ್ಲಿ ಅವನಿಗೆ ಎಲ್ಲ ತಿಳಿಯಿತು.

"ಇಲ್ಲೇ 0.28 ಅಂತ ಬರ್ದಿದ್ದೀಯಲ್ಲ."

"ಅದು ಚಾರ್ಟು ಇಟ್ಟು ಹಾಕಿದ ಲೆಕ್ಕ. ಚಾರ್ಟು ತಪ್ಪು."

"ನಮ್ಮ ಪದ್ಧತಿ ಚಾರ್ಟೇ ಅಲ್ವಾ? ಪದ್ಧತಿ ಪ್ರಕಾರ ಸಿನರ್ಜಿ. ಮುಗೀತು."

ಉಮೇಶ್ ಮಧ್ಯೆ ಬಾಯಿ ಹಾಕಿದ. "ಮೇಡಂ, ನೀವು ದೊಡ್ಡೋರು, ನಾನೇನು ಹೇಳೋದು. ಪೊಟ್ಟಣದಲ್ಲಿ ಎರಡೂ ಔಷಧ ಇರುತ್ತೆ. ಒಂದು ಕೆಲಸ ಮಾಡ್ಲಿಲ್ಲ ಅಂದ್ರೆ ಇನ್ನೊಂದು ಮಾಡುತ್ತೆ. ರೈತನಿಗೇನು ನಷ್ಟ?"

"ಕೆಲಸ ಮಾಡೋದನ್ನ ಕೆಲಸ ಮಾಡದ ಹಾಗೆ ಇನ್ನೊಂದು ತಡೀತಿದೆ ಅಂತ ಈಗ ತಾನೇ ಹೇಳಿದೆ. ಕಿವಿಯಲ್ಲಿ ಕೇಕ್ ಇಟ್ಟುಕೊಂಡಿದ್ದೀರಾ?"

"ಹತ್ತರಲ್ಲಿ ಒಂದು ತಾನೆ ಮೇಡಂ. ಅದನ್ನ ಬಿಟ್ಟು ಬೇರೆ ಊರಿನ ಹುಳ ತಗೊಂಡ್ರಾಯ್ತು. ಅಗರದಲ್ಲಿ ನಮ್ಮ ಪರಿಚಯದೋರಿದ್ದಾರೆ..."

ಪ್ರಭುಸ್ವಾಮಿ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದ. ಬಾಗಿಲು ಮುಂದೆ ಮಾಡಿದ. ಅವನ ದನಿ ಜೇನಾಯಿತು.

"ಯಶೋದಮ್ಮ, ಆ ಚಾರ್ಟು ಯಾರು ಮಾಡಿದ್ದು?"

"ನಾನು."

"ಸಹಿ?"

"ನಂದೇ."

"ಆ ಚಾರ್ಟು ಇಟ್ಟುಕೊಂಡು ಎರಡೂ ಬೆರೆಸಿ ಅಂತ ಎಷ್ಟು ಚೀಟಿ ಕೊಟ್ಟಿದ್ದೀಯ? ಈ ವರದೀಲಿ ಚಾರ್ಟು ತಪ್ಪು ಅಂತ ಬರೆದ್ರೆ ಅವೆಲ್ಲ ತಪ್ಪು ಅಂತ ಬರ್ಕೊಟ್ಟ ಹಾಗೆ ಅಲ್ವೇನಮ್ಮ? ನನ್ನ ಸಹಿ ಒಂದರಲ್ಲೂ ಇಲ್ಲ. ಅದು ನಿನಗೂ ಗೊತ್ತು. ರಿಟೈರ್ ಆಗೋಕೆ ಎರಡು ವರ್ಷ. ಇಷ್ಟು ವರ್ಷ ಸಂಪಾದಿಸಿದ ಹೆಸರು. ಸುಮ್ಮನೆ ಸಹಿ ಹಾಕು. ಮುಂದಿನ ತಿಂಗಳು ಹೊಸ ಚಾರ್ಟು ಮಾಡೋಣ. ಯಾರಿಗೂ ಗೊತ್ತಾಗಲ್ಲ."

ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಗಳಿಗೆ, ಒಂದೇ ಗಳಿಗೆ, ಅವಳ ಕೈ ಸಹಿಯ ಜಾಗದ ಕಡೆ ಹೋಗಲು ನೋಡಿತು. ಅದು ಅವಳಿಗೆ ಗೊತ್ತಾಯಿತು. ಪ್ರಭುಸ್ವಾಮಿಗೂ ಗೊತ್ತಾಯಿತು, ಅವನು ಮುಗುಳ್ನಕ್ಕ. ಆ ನಗೆಯೇ ಅವನ ಕೆಲಸ ಕೆಡಿಸಿತು. ಅವನಂಥವನು ತನ್ನನ್ನು ತನ್ನವಳೆಂದು ಗುರುತು ಹಿಡಿದನಲ್ಲ ಎಂದು ಅವಳ ಮೈಯೆಲ್ಲ ಅಂಟು ಹತ್ತಿದಂತಾಯಿತು.

"ಅರವತ್ತಮೂರು," ಎಂದಳು.

"ಏನು?"

"ಚೀಟಿ. ನಿನ್ನೆ ಎಣಿಸಿದೆ. ಹನ್ನೊಂದು ವರ್ಷದಲ್ಲಿ ಎರಡೂ ಬೆರೆಸಿ ಅಂತ ಅರವತ್ತಮೂರು ಮನೆಗೆ ಬರ್ಕೊಟ್ಟಿದ್ದೀನಿ. ಅರವತ್ತಮೂರಕ್ಕೂ ತಪ್ಪು ಅಂತ ಪತ್ರ ಬರೀತೀನಿ. ಈ ವರದಿಗೆ ಹತ್ತು ಪ್ಲೇಟಿನ ನಿಜವಾದ ಅಂಕ ಬರೆದು ಸಹಿ ಹಾಕ್ತೀನಿ. ಬೇರೆ ಅಂಕ ಬೇಕಾದರೆ ನೀವು ಸಹಿ ಹಾಕಿ ಸರ್, ನಿಮ್ಮ ಕೈಗೇನು ಲಕ್ವಾ ಹೊಡೆದಿಲ್ಲವಲ್ಲ."

ಪ್ರಭುಸ್ವಾಮಿಯ ದನಿಯಿಂದ ಜೇನು ಹೋಯಿತು. "ಸಂಘದೋರಿಗೆ ನಾನೂ ಬರೀತೀನಿ. ತಪ್ಪು ಚಾರ್ಟು ಮಾಡಿ ರೈತರ ಬೆಳೆ ಹಾಳು ಮಾಡಿದೋಳು ಅಂತ."

"ಬರೀರಿ. ಅದೊಂದಾದರೂ ನೀವು ನಿಜ ಬರೆದ ಹಾಗಾಗುತ್ತೆ."

ಅವನು ಬರೆದ. ವಾರದೊಳಗೆ ಸಂಘದಿಂದ ಕಾಗದ ಬಂತು: ಯಶೋದಮ್ಮ ಇನ್ನು ಮುಂದೆ ಯಾವ ವರದಿಗೂ ಸಹಿ ಹಾಕುವಂತಿಲ್ಲ. ಗಾಜಿನ ಸಾಮಾನು ತೊಳೆಯುವ ಕೋಣೆಗೆ ಅವಳನ್ನು ಹಾಕಿದರು. ಉಮೇಶ್ ಇನ್ನೊಂದು ಜಿಲ್ಲೆಯ ಯಾವುದೋ ಪ್ರಯೋಗಾಲಯದಿಂದ ತನಗೆ ಬೇಕಾದ ಕಾಗದ ಮಾಡಿಸಿಕೊಂಡನೆಂದು ಕೋಮಲ ಹೇಳಿದಳು. ಕೇಳಿ ಯಶೋದಮ್ಮ ತೊಳೆಯುತ್ತಿದ್ದ ಫ್ಲಾಸ್ಕನ್ನು ಕೆಳಗಿಟ್ಟಳು, ಮತ್ತೆ ಎತ್ತಿಕೊಂಡು ತೊಳೆದಳು.

ಪತ್ರಗಳನ್ನು ಅವಳು ಮನೆಯಲ್ಲಿ ಕೈಯಲ್ಲೇ ಬರೆದಳು. ಶಾಂತರಾಜು ಊಟ ಮುಗಿಸಿ ವಿಳಾಸ ಬರೆಯಲು ಕೂತ.

"ಅಲ್ಲ ಕಣೆ, ಇವ್ರೆಲ್ಲ ಬಂದು ಮನೆ ಮುಂದೆ ಕೂತ್ಕಂಡ್ರೆ?"

"ಕೂರಿಸಿ ಕಾಫಿ ಕೊಡಿ."

"ನೀನು?"

"ನಾನು ಎದುರಿಗೆ ಕೂತ್ಕೋತೀನಿ."

ಅರವತ್ತೆರಡನ್ನು ಅಂಚೆಗೆ ಹಾಕಿದಳು. ಹೂಗ್ಯಂನದನ್ನು ಹಾಕಲಿಲ್ಲ. ಭಾನುವಾರ ಹನೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಮಧ್ಯಾಹ್ನ ಮೂರಕ್ಕೆ ಇಳಿದಳು. ಭಾಗ್ಯಮ್ಮನ ಹುಳು ಮನೆ ಖಾಲಿಯಾಗಿತ್ತು. ಮೂಲೆಯಲ್ಲಿ ಚಂದ್ರಿಕೆಗಳು ಒಂದರ ಮೇಲೊಂದು ಬಿದ್ದಿದ್ದವು. ನೆಲದಲ್ಲಿ ಇನ್ನೂ ಆ ವಾಸನೆ.

ಯಶೋದಮ್ಮ ನಿಂತೇ ಹೇಳಿದಳು. ಬೋರ್ ನೀರು, ಚಾರ್ಟು, ನಾಲ್ಕೂವರೆ, ಎಲ್ಲ. ಬೆಣ್ಣೆ ಹಚ್ಚಲಿಲ್ಲ, ಕೈ ಮುಗಿಯಲಿಲ್ಲ. ಭಾಗ್ಯಮ್ಮ ಹೊಸ್ತಿಲ ಮೇಲೆ ಕೂತು ಕೇಳಿದಳು.

"ಅಂದ್ರೆ ನೀವು ಬರ್ಕೊಟ್ಟಿದ್ದೇ ನಮ್ ಹುಳ ತಿಂತು."

"ರೋಗ ತಿಂತು. ನನ್ನ ಚೀಟಿ ದಾರಿ ಮಾಡಿಕೊಡ್ತು."

"ಎರಡಕ್ಕೂ ಏನವ್ವ ಯತ್ವಾಸ?" ಭಾಗ್ಯಮ್ಮ ಎದ್ದು ನಿಂತಳು. "ನಿಮ್ ಸೈನ್ ನೋಡಿ ತಾನೆ ಒಡ್ದಿದ್ದು ನಾನು! ಮಾದೇವಮ್ಮ ಒಂದೇ ಸಾಕು ಕಣೇ ಅಂದ್ಲು. ಓಗೇ, ಓದ್ಕಂಡೋರು ಬರ್ಕೊಟ್ಟವ್ರೆ, ನಿಂಗೇನ್ ಗೊತ್ತು ಅಂದ್ಬುಟ್ಟೆ ಅವ್ಳಿಗೆ. ಥೂ!"

ಆ ಥೂ ಯಾರಿಗೆ ಎಂದು ಯಶೋದಮ್ಮ ಕೇಳಲಿಲ್ಲ. ಪತ್ರ ಮುಂದೆ ಹಿಡಿದಳು.

"ಈಗೇನ್ ಒಡೀಲಿ?" ಭಾಗ್ಯಮ್ಮ ಪತ್ರ ತೆಗೆದುಕೊಳ್ಳದೆ ಕೇಳಿದಳು.

"ಏನೂ ಬೇಡ. ಮೊದಲು ಮನೆ ತೊಳೀರಿ. ನೆಲ, ತಟ್ಟೆ, ಚಂದ್ರಿಕೆ, ಎಲ್ಲಕ್ಕೂ ಬ್ಲೀಚಿಂಗ್ ಪೌಡರು. ಸತ್ತ ಹುಳ ತಿಪ್ಪೆಗೆ ಹಾಕಬೇಡಿ, ಸುಟ್ಟುಬಿಡಿ. ಒದ್ದೆ ಸೊಪ್ಪು ಹಾಕಬೇಡಿ. ಆಮೇಲೂ ರೋಗ ಬಂದರೆ ಒಂದೇ ಔಷಧ, ಅದೂ ಪರೀಕ್ಷೆ ಮಾಡಿಸಿ."

"ಯಾರ್ ತಾವ? ನಿಮ್ ತಾವ್ಲಾ?"

"ನಾನೀಗ ಸೀಸೆ ತೊಳೀತೀನಿ. ಕೋಮಲ ಅಂತ ಇದ್ದಾಳೆ. ಇಡೀ ಪ್ಲೇಟು ಹಾಕು ಅಂತ ಕೇಳಿ. ಚಾರ್ಟು ನೋಡಿ ಹೇಳಿದರೆ ನಂಬಬೇಡಿ."

ಭಾಗ್ಯಮ್ಮ ಈಗ ಪತ್ರ ತೆಗೆದುಕೊಂಡಳು. ತಿರುಗಿಸಿ ನೋಡಿದಳು. "ನಂಗೆ ಒಬ್ಬಳಿಗೆ ಕೊಟ್ರೆ ಏನ್ ಬಂತು? ಈ ಊರಲ್ಲಿ ಏಳೆಂಟ್ ಜನ ಬೆರ್ಸಿ ಒಡೀತಾವ್ರೆ, ನನ್ ಚೀಟಿ ನೋಡ್ಕಂಡು. ಬಮ್ಮಿ, ಈಗ ಡೈರಿ ತಾವ ಎಲ್ರೂ ಹಾಲ್ ತತ್ತಾರೆ. ನೀವೇ ಓದಿ ಯೇಳಿ. ನಾನ್ ಯೇಳುದ್ರೆ ಮಾದೇವಮ್ಮ ನಗ್ತಾಳೆ."

ಯಶೋದಮ್ಮ ಹೋದಳು. ಹಾಲಿನ ಡೈರಿಯ ಮುಂದೆ ಹದಿನೈದಿಪ್ಪತ್ತು ಜನ ಕ್ಯಾನು, ತಂಬಿಗೆ ಹಿಡಿದು ಸಾಲು ನಿಂತಿದ್ದರು. ಭಾಗ್ಯಮ್ಮ "ಏಯ್, ವಸಿ ಸುಮ್ಕಿರ್ರಪ್ಪ, ಕೊಳ್ಳೇಗಾಲ್ದ ಮೇಡಮ್ಮೋರು ಏನೋ ಓದ್ತಾರಂತೆ" ಎಂದು ಕೂಗಿದಳು. ಯಶೋದಮ್ಮ ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಕೊನೆಯ ಸಹಿಯವರೆಗೂ ಓದಿದಳು. ತನ್ನ ಹೆಸರು ಬಂದ ಕಡೆ ದನಿ ಇಳಿಸಲಿಲ್ಲ. ಓದಿ ಮುಗಿಸಿ ಪತ್ರ ಮಡಚಿದಳು. ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರವಾಗುತ್ತದೆ ಎಂದು ಯಾರೋ ಹೇಳಿದ್ದು ಸುಳ್ಳು, ಏನೂ ಹಗುರವಾಗಲಿಲ್ಲ. ಇಪ್ಪತ್ತು ಜನರ ಕಣ್ಣು ತನ್ನ ಮೇಲೆ, ತಾನು ಆ ಬಕೆಟ್ಟನ್ನು ನೋಡಿದ ರೀತಿಯಲ್ಲೇ ಇತ್ತು. ಹಾಗೆ ನೋಡುವುದು ಸರಿಯೇ ಎಂದುಕೊಂಡಳು.

ಸಾಲಿನ ಹಿಂದಿನಿಂದ ಗೋವಿಂದಯ್ಯ ಎಂಬ ಮುದುಕ ಕ್ಯಾನು ಕೆಳಗಿಟ್ಟು ಮುಂದೆ ಬಂದ. "ನಾನೂ ಒಂದ್ ಕಿತ ಚೀಟಿ ತಂದಿದ್ದೆ ಕಣವ್ವ. ನಮ್ ಮಗಳ ಊರ್ಗೆ, ಅವ್ರ ಹುಳಕ್ಕೆ. ಅದ್ರಲ್ಲೂ ಇದೇ ಸೈನಾ?"

"ಯಾವ ಊರು? ಯಾವ ವರ್ಷ?"

"ವರ್ಷ ಗ್ಯಾಪ್ಕ ಇಲ್ಲ. ಮಗಳಿಗೆ ಎರಡ್ನೇ ಮಗ ಹುಟ್ಟಿದ್ ವರ್ಷ."

"ಆ ಮಗನಿಗೆ ಈಗ ಎಷ್ಟು?" ಎಂದು ಕೇಳಿ, ಯಶೋದಮ್ಮ ಡೈರಿಯ ಕಟ್ಟೆಯ ಮೇಲೆ ಕೂತು, ಚೀಲದಿಂದ ಅರವತ್ತಮೂರು ಚೀಟಿಗಳ ಪಟ್ಟಿ ತೆಗೆದು ಹುಡುಕತೊಡಗಿದಳು.